ರಾತ್ರಿ ಒಂಬತ್ತರ ಕರೆ ತಪ್ಪಿಸುವ ಬರಹ

ಬೇಸಿಗೆಯಲ್ಲಿ ಬೆಂಗಳೂರಿನ ರಾತ್ರಿ 9 ಗಂಟೆ ಎಂದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೆಳಿಗ್ಗೆ 8.30. ಎರಡೂ ಕಡೆಯವರು ಒಟ್ಟಿಗೆ ಕೂರುವ ಕರೆಯ ಬಹುಪಾಲು ಹೊತ್ತು "ಕೆಲಸ ಎಲ್ಲಿಗೆ ಬಂತು?" ಎಂಬುದಕ್ಕೇ ಹೋಗುತ್ತದೆ.

ದಿನದ ಕೊನೆಗೊಂದು ಟಿಪ್ಪಣಿ ಇದಕ್ಕೆ ಸಾಕು. ಆದರೆ "ಕೆಲಸ ನಡೆಯುತ್ತಿದೆ" ಎಂದಷ್ಟೇ ಬರೆದರೆ ಕರೆ ಬಂದೇ ಬರುತ್ತದೆ. "ರಸೀದಿ ಕಳಿಸುವ ಭಾಗದ ಪರೀಕ್ಷೆ ಮುಗಿಯಿತು. ಹಳೆಯ ರಸೀದಿಗಳನ್ನು ಎಷ್ಟು ವರ್ಷ ಇಡಬೇಕೆಂದು ತಿಳಿಯದೆ ಮುಂದಿನದು ನಿಂತಿದೆ. ಲೆಕ್ಕಪತ್ರ ವಿಭಾಗ ಗುರುವಾರದೊಳಗೆ ಹೇಳಬೇಕು" ಎಂದು ಬರೆದರೆ ಯಾರು ಏನು ಮಾಡಬೇಕೆಂಬುದು ಅಲ್ಲೇ ಇದೆ.

ಬಂದ ಉತ್ತರ ಚಾಟ್‌ನಲ್ಲಿ ಹೂತುಹೋಗಬಾರದು. ಮೈಕೆಲ್ ನೈಗಾರ್ಡ್ 2011ರಲ್ಲಿ ಸೂಚಿಸಿದ ನಿರ್ಧಾರ ದಾಖಲೆ ಒಂದೆರಡು ಪುಟದ್ದು: ಶೀರ್ಷಿಕೆ, ಹಿನ್ನೆಲೆ, ನಿರ್ಧಾರ, ಸ್ಥಿತಿ, ಪರಿಣಾಮ. ಕೈಬಿಟ್ಟ ದಾರಿಯನ್ನೂ ಬರೆಯಲೇಬೇಕು ಎನ್ನುವುದು ನನ್ನ ಹಟ: "ಶಾಶ್ವತವಾಗಿ ಇಡಬಹುದಿತ್ತು, ಗ್ರಾಹಕರ ಗೋಪ್ಯತೆಗಾಗಿ ಬಿಟ್ಟೆವು." ಈ ಸಾಲಿಲ್ಲದಿದ್ದರೆ ಆರು ತಿಂಗಳ ನಂತರ ಸೇರುವ ಹೊಸಬರು ಅದೇ ಚರ್ಚೆ ಎತ್ತುತ್ತಾರೆ. ನಿರ್ಧಾರ ಬದಲಾದಾಗ ಹಳೆಯ ದಾಖಲೆಯನ್ನು ಅಳಿಸುವುದಿಲ್ಲ. ಹೊಸದನ್ನು ಬರೆದು, ಹಳೆಯದರ ಸ್ಥಿತಿಯಲ್ಲಿ ಹೊಸದರ ಸಂಖ್ಯೆ ನಮೂದಿಸುತ್ತಾರೆ.

ಬರಹದಲ್ಲಿ ಎಲ್ಲವೂ ತೀರುವುದಿಲ್ಲ. ಇಬ್ಬರ ವಾದ ಮೂರನೇ ಸುತ್ತಿಗೆ ಹೋಯಿತೆಂದರೆ ಫೋನ್ ಮಾಡಿ ಮಾತಾಡುವುದೇ ಸರಿ. ಒಪ್ಪಿದ್ದನ್ನು ಅದೇ ದಿನ ದಾಖಲೆಗೆ ಸೇರಿಸಬೇಕು.