ಫೋನ್ ಕಳುವಾದ ಮೇಲೆ ಖಾತೆಗಳ ಕಾವಲು

ಫೋನ್ ಕದ್ದವನಿಗೆ ಸ್ಕ್ರೀನ್ ಲಾಕ್ ಬಿಡಿಸುವ ಅಗತ್ಯವೇ ಇಲ್ಲ. ಸಿಮ್ ತೆಗೆದು ಇನ್ನೊಂದು ಫೋನಿಗೆ ಹಾಕಿಕೊಂಡರೆ ಒಟಿಪಿಗಳು ಅಲ್ಲಿಗೇ ಬರುತ್ತವೆ, ಅವುಗಳ ಬಲದಿಂದ ಪಾಸ್‌ವರ್ಡ್ ಬದಲಿಸಲು ಯತ್ನಿಸಬಹುದು. ಹಾಗಾಗಿ ಮೊದಲು ನಿಲ್ಲಬೇಕಾದದ್ದು ಸಿಮ್.

ಸಂಜೆ ಏಳಕ್ಕೆ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗ ಜೇಬಿನಿಂದ ಆಂಡ್ರಾಯ್ಡ್ ಫೋನ್ ಹೋಯಿತು ಎನ್ನೋಣ. ಅದೇ ಕಂಪನಿಯ ಸಿಮ್ ಇರುವ ಬೇರೊಬ್ಬರ ಫೋನಿನಿಂದ ಗ್ರಾಹಕ ಸೇವೆಗೆ ಕರೆ ಮಾಡಿ, ಕೇಳಿದ ವಿವರ ಹೇಳಿ ಸಿಮ್ ಬ್ಲಾಕ್ ಮಾಡಿಸಬೇಕು. ಆದರೆ ಸಿಮ್ ನಿಂತ ಮಾತ್ರಕ್ಕೆ ಖಾತೆಗಳು ಮುಚ್ಚುವುದಿಲ್ಲ. ವೈಫೈ ಸಿಕ್ಕರೆ ಆ ಫೋನಿನಲ್ಲಿ ವಾಟ್ಸಾಪ್ ನಡೆಯುತ್ತಲೇ ಇರುತ್ತದೆ.

ಮುಂದಿನ ಹೆಜ್ಜೆಯಲ್ಲಿ ಹಲವರು ಅವಸರಪಡುತ್ತಾರೆ. ಗೂಗಲ್ ಖಾತೆಯಿಂದ ಕಳೆದ ಫೋನನ್ನು ಮೊದಲೇ ಸೈನ್ ಔಟ್ ಮಾಡಿದರೆ ಅದನ್ನು ಹುಡುಕುವ ದಾರಿಯೂ ಮುಚ್ಚಿಹೋಗುತ್ತದೆ. ಮೊದಲು android.com/find ತೆರೆದು ಫೋನನ್ನು ಲಾಕ್ ಮಾಡಿ, ಸಿಗುವ ಆಸೆಯಿಲ್ಲದಿದ್ದರೆ ಅಳಿಸಬೇಕು. ಆಮೇಲೆ ಪಾಸ್‌ವರ್ಡ್ ಬದಲಿಸಿ, ಗೂಗಲ್ ಖಾತೆಯ Security ಪುಟದ Your devices ಪಟ್ಟಿಯಲ್ಲಿ ಆ ಫೋನನ್ನು ಹೊರಹಾಕಬೇಕು. ಎರಡು ಹಂತದ ದೃಢೀಕರಣ ಇಟ್ಟುಕೊಂಡವರಿಗೆ ಇಲ್ಲೊಂದು ಪೇಚು: ‘ಇದು ನೀವೇನಾ’ ಎಂಬ ಪ್ರಶ್ನೆ ಹೋಗುವುದು ಕಳುವಾದ ಫೋನಿಗೇ! ಎಂಟಂಕಿಯ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಮನೆಯಲ್ಲಿಟ್ಟವರು ಮಾತ್ರ ಈ ಹೊತ್ತಿನಲ್ಲಿ ಸಲೀಸಾಗಿ ಒಳಹೋಗಬಲ್ಲರು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಇದೇ ಕೆಲಸ Accounts Centerನ Where you're logged in ಎಂಬಲ್ಲಿ ಆಗುತ್ತದೆ. ಅಲ್ಲೇ ಇಮೇಲ್, ಫೋನ್ ಸಂಖ್ಯೆ ಬದಲಾಗಿವೆಯೇ ಎಂದು ನೋಡಬೇಕು. ಬದಲಾಗಿದ್ದರೆ ಕಳ್ಳ ಒಳಹೊಕ್ಕಿದ್ದಾನೆ ಎಂದೇ ಅರ್ಥ.

ಮರುದಿನ ಗುರುತಿನ ಚೀಟಿ ತೋರಿಸಿ ಅದೇ ಸಂಖ್ಯೆಗೆ ಹೊಸ ಸಿಮ್ ಪಡೆಯಬಹುದು. ಆದರೆ ವಂಚನೆ ತಡೆಯಲೆಂದು ಹೀಗೆ ಕೊಟ್ಟ ಸಿಮ್‌ಗೆ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ಒಟಿಪಿ ಬರಲಿಲ್ಲವೆಂದು ಗಾಬರಿಯಾಗಿ ಮತ್ತೆ ಮತ್ತೆ ಒತ್ತಿದರೆ ಕಾಯುವ ಸಮಯ ಇನ್ನಷ್ಟು ಹಿಗ್ಗುತ್ತದೆ, ಅಷ್ಟೆ. ವಾಟ್ಸಾಪ್ ಕೋಡನ್ನು ಕರೆಯ ಮೂಲಕವೂ ಕೇಳಬಹುದು. ಕೋಡ್ ಹಾಕಿ ಹೊಸ ಫೋನಿನಲ್ಲಿ ನೋಂದಾಯಿಸಿದೊಡನೆ ಹಳೆಯ ಫೋನಿನ ವಾಟ್ಸಾಪ್ ನಿಲ್ಲುತ್ತದೆ. ತಾನು ಇಟ್ಟಿರದ ಪಿನ್ ಕೇಳಿದರೆ ಅದನ್ನು ಕಳ್ಳ ಇಟ್ಟಿರಬಹುದು. ಆಗ 7 ದಿನ ಕಾದರೆ ಪಿನ್ ಇಲ್ಲದೆಯೇ ಖಾತೆ ತೆರೆಯುತ್ತದೆ. ಆ ಏಳು ದಿನ ಕಳ್ಳನಿಗೂ ಅದು ಸಿಗದು.

ಕೊನೆಯದು ಫೋನನ್ನೇ ಬ್ಲಾಕ್ ಮಾಡಿಸುವುದು. ಪೊಲೀಸ್ ದೂರಿನ ಪ್ರತಿ ಮತ್ತು ಪೆಟ್ಟಿಗೆಯ ಮೇಲಿರುವ 15 ಅಂಕಿಯ ಐಎಂಇಐ ಸಂಖ್ಯೆಯನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ತಾಣದಲ್ಲಿ ಕೊಟ್ಟರೆ, ಭಾರತದ ಯಾವ ಕಂಪನಿಯ ಸಿಮ್ ಹಾಕಿದರೂ ಆ ಫೋನಿಗೆ ನೆಟ್‌ವರ್ಕ್ ಸಿಗುವುದಿಲ್ಲ. ಅರ್ಜಿ ಹಾಕಿದಾಗ ಸಿಗುವ ಕೋರಿಕೆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಫೋನ್ ಮರಳಿ ಸಿಕ್ಕರೆ ಬ್ಲಾಕ್ ತೆಗೆಸಲು ಅದೇ ಬೇಕು.