ಬೆಲೆ ಬದಲಿಸಲು ಎರಡು ತಾಸಿನ ಪಾಠ

ವರ್ಡ್‌ಪ್ರೆಸ್‌ನ ವೂಕಾಮರ್ಸ್‌ನಲ್ಲಿ ನಡೆಯುವ ಸೀರೆ ಅಂಗಡಿಯೊಂದನ್ನು ತೆಗೆದುಕೊಳ್ಳಿ. ತರಬೇತಿಗೆ ಗಿರಾಕಿ ಕಡಿಮೆಯಿರುವ ಬೆಳಗಿನ ಎರಡು ತಾಸು ಸಾಕು. ಅದಕ್ಕೂ ಮುನ್ನ ಪ್ರತಿ ಸಿಬ್ಬಂದಿಗೂ Shop manager ದರ್ಜೆಯ ಬೇರೆ ಬೇರೆ ಖಾತೆ ತೆರೆಯಿರಿ. ಮಾಲೀಕರ ಪಾಸ್‌ವರ್ಡ್ ಹಂಚಬೇಡಿ.

ಮೊದಲ ತಾಸು ಪೂರ್ತಿ ಬೆಲೆಗೇ ಇರಲಿ, ಏಕೆಂದರೆ ಇಲ್ಲಿನ ತಪ್ಪು ನೇರ ನಷ್ಟ. 2,400 ರೂಪಾಯಿಯ ಇಳಕಲ್ ಸೀರೆಯನ್ನು 2,650ಕ್ಕೆ ಏರಿಸಬೇಕು ಎನ್ನಿ. ಸಿಬ್ಬಂದಿ Regular price ಬದಲಿಸಿ Update ಒತ್ತುತ್ತಾರೆ. ಆದರೆ ಹಬ್ಬದಲ್ಲಿ ತುಂಬಿದ್ದ Sale price 2,200 ಹಾಗೇ ಉಳಿದಿದ್ದರೆ ಗಿರಾಕಿ ಕೊಡುವುದು 2,200 ಮಾತ್ರ! ಆ ಖಾನೆ ಖಾಲಿ ಮಾಡಿಸಿ. ಮುಂದಿನ ರಿಯಾಯಿತಿಗೆ Schedule ಒತ್ತಿ ಕೊನೆಯ ದಿನಾಂಕ ಹಾಕುವುದನ್ನೂ ಕಲಿಸಿ. ಆಮೇಲೆ ಲಾಗಿನ್ ಆಗದ ಬೇರೆ ಫೋನಿನಲ್ಲಿ ಪುಟ ತೆರೆದು ನೋಡಲಿ. ಅಲ್ಲಿ ಹಳೆಯ ಬೆಲೆಯೇ ಕಂಡರೆ ಕ್ಯಾಶೆ ಅಳಿಸಬೇಕು.

ಫೋಟೊವನ್ನು ಕಿಟಕಿಯ ಬೆಳಕಿನಲ್ಲಿ ತೆಗೆದು, ಅಗಲವನ್ನು ಸುಮಾರು 1,200 ಪಿಕ್ಸೆಲ್‌ಗೆ ಇಳಿಸಿ ಹಾಕಲಿ. ಸೆರಗಿನ ಬಣ್ಣ ಸೀರೆಯೊಂದಿಗೆ ತಾಳೆಯಾಗದಿದ್ದರೆ ಮತ್ತೆ ತೆಗೆಯಬೇಕು.

ರಜೆಯ ಸೂಚನೆಯಲ್ಲಿ ‘ನಾಳೆ’ ಎಂದು ಬರೆಯಬೇಡಿ, ತಾರೀಖು ಬರೆಯಿರಿ. ಅದನ್ನು ತೆಗೆಯುವವರ ಹೆಸರನ್ನು ಅಂದೇ ಗಲ್ಲಾಪೆಟ್ಟಿಗೆಯ ಪಕ್ಕ ಅಂಟಿಸಿ.