ಹೂವು ಮುಡಿಯಬಹುದು, ಗಿಡ ಮುಡಿಯಲಾಗದು

‘ಅವಳು ಮಲ್ಲಿಗೆ ಮುಡಿದಿದ್ದಾಳೆ’ ಎಂದರೆ ಹೂವು ಮುಡಿದಿದ್ದಾಳೆ ಎಂದು ಬೇರೆ ಹೇಳಬೇಕಿಲ್ಲ. ‘ಹೂವು ಮುಡಿದಿದ್ದಾಳೆ’ ಎಂದಷ್ಟೇ ಹೇಳಿದರೆ ಮಾತ್ರ ಮಲ್ಲಿಗೆಯೋ ಕನಕಾಂಬರವೋ ಗೊತ್ತಾಗದು. ಮಲ್ಲಿಗೆಯ ಅರ್ಥದೊಳಗೆ ಹೂವಿನ ಅರ್ಥ ಅಡಗಿದೆ, ಹೂವಿನ ಅರ್ಥದೊಳಗೆ ಮಲ್ಲಿಗೆ ಇಲ್ಲ. ಪದಗಳ ಈ ಸಂಬಂಧಕ್ಕೆ ಭಾಷಾವಿಜ್ಞಾನಿಗಳು ಹೈಪೋನಿಮಿ ಎನ್ನುತ್ತಾರೆ. ಇಲ್ಲಿ ಮಲ್ಲಿಗೆಯನ್ನು ಒಳಪದ, ಹೂವನ್ನು ಮೇಲ್ಪದ ಎನ್ನೋಣ. ಮಲ್ಲಿಗೆಯ ಕೆಳಗೂ ದುಂಡುಮಲ್ಲಿಗೆ, ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಗಳಿವೆ.

‘ಇಲ್ಲ’ ಸೇರಿದೊಡನೆ ದಿಕ್ಕು ತಿರುಗುತ್ತದೆ. ಹೂವೇ ಮುಡಿದಿಲ್ಲವೆಂದರೆ ಮಲ್ಲಿಗೆಯನ್ನೂ ಮುಡಿದಿಲ್ಲ. ಮಲ್ಲಿಗೆ ಮುಡಿದಿಲ್ಲವೆಂದರೆ ತಲೆಯಲ್ಲಿ ಸೇವಂತಿಗೆ ಇದ್ದೀತು. ಯಾವ ಪದ ಮೇಲಿನದು, ಯಾವುದು ಒಳಗಿನದು ಎಂಬ ಅನುಮಾನ ಬಂದರೆ ಹೀಗೆ ಎರಡೂ ಕಡೆಯಿಂದ ಹೇಳಿ ನೋಡಿದರೆ ಸಾಕು.

ಈಗ ಪಾಠಪುಸ್ತಕದ ಮಾಮೂಲಿ ಏಣಿ ಹತ್ತೋಣ: ಗುಲಾಬಿ, ಹೂವು, ಗಿಡ. ‘ಗುಲಾಬಿ ಮುಡಿದಿದ್ದಾಳೆ’, ಸರಿ. ‘ಹೂವು ಮುಡಿದಿದ್ದಾಳೆ’, ಅದೂ ಸರಿ. ‘ಗಿಡ ಮುಡಿದಿದ್ದಾಳೆ’? ಏಣಿಯ ಮೂರನೇ ಮೆಟ್ಟಿಲು ಮುರಿಯಿತು. ಕಾರಣ ಸರಳ. ಗುಲಾಬಿ ಹೂವಿನ ಒಂದು ಬಗೆ, ಆದರೆ ಹೂವು ಗಿಡದ ಬಗೆಯಲ್ಲ, ಗಿಡದ ಭಾಗ. ಬೆರಳು ಕೈಯ ಒಂದು ಬಗೆ ಎಂದು ಯಾರೂ ಹೇಳುವುದಿಲ್ಲವಲ್ಲ, ಹಾಗೆ.

ಹಾಗಿದ್ದೂ ಈ ತಪ್ಪು ಸುಲಭವಾಗಿ ನುಸುಳುತ್ತದೆ, ಏಕೆಂದರೆ ‘ಗುಲಾಬಿ’ಗೆ ಎರಡು ಅರ್ಥಗಳಿವೆ. ‘ಅಂಗಳದಲ್ಲಿ ಗುಲಾಬಿ ಹಾಕಿದ್ದೇವೆ’ ಎಂದಾಗ ಅದು ಗಿಡ, ‘ದೇವರಿಗೆ ಗುಲಾಬಿ ಏರಿಸಿದೆವು’ ಎಂದಾಗ ಅದು ಹೂವು. ಒಂದೇ ಪದ ಎರಡು ಏಣಿಗಳಲ್ಲಿ ನಿಂತಿದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1980ರ ದಶಕದಲ್ಲಿ ಆರಂಭಿಸಿದ ವರ್ಡ್‌ನೆಟ್ ಎಂಬ ಪದಕೋಶ ಇದಕ್ಕಾಗಿಯೇ ಪದಗಳನ್ನಲ್ಲ, ಅರ್ಥಗಳನ್ನು ಜೋಡಿಸುತ್ತದೆ. ಅಲ್ಲಿ ಗುಲಾಬಿಯ ಮೇಲೆ ಪೊದೆ, ಅದರ ಮೇಲೆ ಕಟ್ಟಿಗೆಯುಳ್ಳ ಸಸ್ಯ, ಹೀಗೆ ಸಾಗಿ ಸಸ್ಯ ಸಿಗುತ್ತದೆ. ದಾರಿಯಲ್ಲಿ ಹೂವು ಬರುವುದೇ ಇಲ್ಲ.

ಕನ್ನಡದ ಮಟ್ಟಿಗೆ ‘ಗಿಡ’ ಮೇಲ್ಪದವಾಗಿಯೂ ಅಷ್ಟು ಗಟ್ಟಿಯಲ್ಲ. ತೆಂಗಿನ ಸಸಿ ಗಿಡ, ಬೆಳೆದ ತೆಂಗು ಮರ. ಎರಡನ್ನೂ ಒಳಗೊಳ್ಳುವ ‘ಸಸ್ಯ’ ಪುಸ್ತಕದ ಮಾತು, ತೋಟದಲ್ಲಿ ಅಷ್ಟಾಗಿ ಕೇಳಿಸದು. ತೋಟದವರು ಒಳಪದಗಳನ್ನೇ ಜೋಡಿಸಿ ‘ಗಿಡಮರ’ ಎನ್ನುತ್ತಾರೆ, ಅದರಲ್ಲಿ ಬಳ್ಳಿಯೂ ಸೇರಿಬಿಡುತ್ತದೆ. ಈ ಜೋಡಿಪದದ ಉಪಾಯ ನನಗೆ ‘ಸಸ್ಯ’ಕ್ಕಿಂತ ಜಾಣತನದ್ದಾಗಿ ಕಾಣುತ್ತದೆ. ‘ದನಕರು ಎಷ್ಟಿವೆ?’ ಎಂದು ಕೇಳಿದರೆ ರೈತ ಹಟ್ಟಿಯಲ್ಲಿರುವ ಎಮ್ಮೆಯನ್ನೂ ಎಣಿಸಿಯೇ ಉತ್ತರಿಸುತ್ತಾನೆ, ಪ್ರಶ್ನೆಯಲ್ಲಿ ಎಮ್ಮೆಯ ಹೆಸರಿಲ್ಲದಿದ್ದರೂ.